ಐದು ಸೆಂಟ್ ಮಳೆಯನ್ನು ಹೇಗೆ ಬರೆಯುತ್ತೀರಿ? ಒಂದು ಪಾಠ ಯೋಜನೆ, ಅದರ ಸಮರ್ಥನೆ

ಪ್ರಶ್ನೆ: ನಮಸ್ತೆ ಮೇಡಂ. ನಾನು ಹಾಸನದಲ್ಲಿ ಬಿ.ಎಡ್. ಎರಡನೇ ವರ್ಷ ಓದುತ್ತಿದ್ದೇನೆ. ಬೋಧನಾಭ್ಯಾಸಕ್ಕೆ ಸಕಲೇಶಪುರದ ಹತ್ತಿರದ ಒಂದು ಶಾಲೆ ಸಿಕ್ಕಿದೆ. 6ನೇ ತರಗತಿ, 24 ಮಕ್ಕಳು, ಪಾಠ ದಶಮಾಂಶ ಸಂಖ್ಯೆಗಳ ಹೋಲಿಕೆ. ಪಾಠ ಯೋಜನೆಯ ಜೊತೆ ಪ್ರತಿಯೊಂದು ವಿಧಾನವನ್ನೂ ಯಾಕೆ ಆರಿಸಿಕೊಂಡೆ ಅಂತ ಸಮರ್ಥನೆ ಬರೆಯಬೇಕು. ನಾನು "ಚಟುವಟಿಕೆಯಿಂದ ಮಕ್ಕಳಲ್ಲಿ ಆಸಕ್ತಿ ಹುಟ್ಟುತ್ತದೆ, ಕಲಿಕೆ ಶಾಶ್ವತವಾಗುತ್ತದೆ" ಅಂತ ಬರೆದಿದ್ದೆ. ಇದು ಸಮರ್ಥನೆ ಅಲ್ಲ ಅಂತ ವಾಪಸ್ ಕೊಟ್ಟಿದ್ದಾರೆ. ಹಾಗಾದರೆ ಏನು ಬರೆಯಬೇಕು?

ಉತ್ತರ:

ನಿಮ್ಮ ಆ ವಾಕ್ಯವನ್ನು ತೆಗೆದುಕೊಂಡು ಸಮಾಜ ವಿಜ್ಞಾನದ ಪಾಠಕ್ಕೆ ಅಂಟಿಸಿ ನೋಡಿ. ಸರಿಯಾಗಿ ಕೂರುತ್ತದೆ. ಕನ್ನಡ ಪದ್ಯದ ಪಾಠಕ್ಕೂ ಕೂರುತ್ತದೆ. ಹಾಗಿದ್ದ ಮೇಲೆ ಅದು ನಿಮ್ಮ ಪಾಠದ ಬಗ್ಗೆ ಏನೂ ಹೇಳುತ್ತಿಲ್ಲ, ಅಲ್ವಾ? ವಾಪಸ್ ಕೊಟ್ಟವರ ತಕರಾರು ಅಷ್ಟೇ. ಸಮರ್ಥನೆಯಲ್ಲಿ ಅವರು ಹುಡುಕುವುದು ಮೂರು ವಿಷಯ. ಈ ಮಕ್ಕಳು ಈ ಪಾಠದಲ್ಲಿ ಎಲ್ಲಿ ಎಡವುತ್ತಾರೆ? ಆ ಎಡವಿಗೆ ನೀವು ಆರಿಸಿದ ದಾರಿ ಯಾಕೆ, ಪಕ್ಕದ ದಾರಿ ಯಾಕೆ ಬೇಡ? ನಿಮ್ಮ ದಾರಿ ಸೋತರೆ ತರಗತಿಯಲ್ಲೇ ಅದು ಹೇಗೆ ಗೊತ್ತಾಗುತ್ತದೆ? ನಿಮ್ಮ ಪಾಠವನ್ನೇ ಇಟ್ಟುಕೊಂಡು ನೋಡೋಣ.

ಮೊದಲು ಎಡವುವ ಜಾಗ. 0.6 ಮತ್ತು 0.45ರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ ತುಂಬಾ ಮಕ್ಕಳು 0.45 ಅನ್ನುತ್ತಾರೆ. ಆರಕ್ಕಿಂತ ನಲವತ್ತೈದು ದೊಡ್ಡದು ಅನ್ನುವ ಲೆಕ್ಕ ಅವರದು. ಐದು ವರ್ಷ ಹೆಚ್ಚಾಗಿ ಪೂರ್ಣ ಸಂಖ್ಯೆಗಳನ್ನೇ ಓದಿದ ಮಗು ಬಿಂದುವಿನ ಆಚೆಗೂ ಅದೇ ನಿಯಮ ಹಚ್ಚುತ್ತದೆ. ಇದಕ್ಕೆ ನಾವೂ ನೀರೆರೆಯುತ್ತೇವೆ. "ಸೊನ್ನೆ ಪಾಯಿಂಟ್ ನಲವತ್ತೈದು" ಅಂತ ಓದುತ್ತೇವಲ್ಲ, ಆ "ನಲವತ್ತೈದು" ಮಗುವಿನ ಕಿವಿಯಲ್ಲಿ ಪೂರ್ಣ ಸಂಖ್ಯೆಯೇ. "ಸೊನ್ನೆ ಬಿಂದು ನಾಲ್ಕು ಐದು" ಅಂತಲೇ ಓದಬೇಕು. ನಿಮ್ಮ ಯೋಜನೆಯಲ್ಲಿ ಇದನ್ನೂ ಒಂದು ಆಯ್ಕೆಯಾಗಿ ಬರೆದು ಕಾರಣ ಕೊಡಿ. ನಾನು ನೋಡಿದ ನೂರಾರು ಯೋಜನೆಗಳಲ್ಲಿ ಓದುವ ರೀತಿಗೆ ಕಾರಣ ಬರೆದವರು ತೀರಾ ಕಡಿಮೆ.

ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. ಕೆಲವು ಮಕ್ಕಳು 0.3 ಮತ್ತು 0.72ರಲ್ಲಿ 0.3 ದೊಡ್ಡದು ಅನ್ನುತ್ತಾರೆ. ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು ಅಂತ ಅವರು ಭಿನ್ನರಾಶಿ ಪಾಠದಲ್ಲಿ ಕಲಿತಿರುತ್ತಾರೆ. ಚಿಕ್ಕ ಚೂರಾದ್ದರಿಂದ ಸಂಖ್ಯೆಯೂ ಚಿಕ್ಕದು ಅಂದುಕೊಳ್ಳುತ್ತಾರೆ. ಎಷ್ಟು ಚೂರು ಅನ್ನುವುದನ್ನು ಮರೆಯುತ್ತಾರೆ.

ಈ ಎರಡು ತಪ್ಪುಗಳಿಂದಾಗಿ ಪ್ರಶ್ನೆ ಆರಿಸುವಾಗ ಎಚ್ಚರ ಬೇಕು. ನೀವು 0.3 ಮತ್ತು 0.72 ಮಾತ್ರ ಕೇಳಿದಿರಿ ಅಂತಿಟ್ಟುಕೊಳ್ಳಿ. ಮೊದಲ ಗುಂಪಿನ ಮಗು 72 ದೊಡ್ಡದು ಅಂತ ಯೋಚಿಸಿ ಸರಿ ಉತ್ತರ ಬರೆಯುತ್ತದೆ. ನೀವು ಟಿಕ್ ಹಾಕುತ್ತೀರಿ. ತಪ್ಪು ಒಳಗೇ ಉಳಿಯುತ್ತದೆ. 0.6 ಮತ್ತು 0.45 ಮಾತ್ರ ಕೇಳಿದರೆ ಎರಡನೇ ಗುಂಪಿನ ಮಗು ಹೀಗೇ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಪಾಠದ ಹಿಂದಿನ ದಿನ ಐದು ನಿಮಿಷ ಬೇಡಿಕೊಂಡು ಹೋಗಿ ಈ ನಾಲ್ಕು ಜೋಡಿಗಳನ್ನು ಒಟ್ಟಿಗೆ ಕೊಡಿ: 0.6 ಮತ್ತು 0.45, 0.3 ಮತ್ತು 0.72, 0.5 ಮತ್ತು 0.05, 0.7 ಮತ್ತು 0.70. ದೊಡ್ಡದಕ್ಕೆ ಸುತ್ತು ಹಾಕಬೇಕು, ಎರಡೂ ಸಮ ಅನ್ನಿಸಿದರೆ ಸಮ ಚಿಹ್ನೆ ಹಾಕಬೇಕು. ಅಷ್ಟೇ.

ಒಂದು ಮಗುವಿನ ಚೀಟಿಯನ್ನು ಓದುವುದು ಹೀಗೆ. ಮೊದಲನೆಯದಕ್ಕೆ 0.45, ಎರಡನೆಯದಕ್ಕೆ 0.72, ಮೂರನೆಯದಕ್ಕೆ ಸಮ, ನಾಲ್ಕನೆಯದಕ್ಕೆ 0.70 ಅಂತ ಇದೆ. ಎರಡನೆಯದು ಸರಿ, ಉಳಿದ ಮೂರು ತಪ್ಪು. ಆದರೆ ನಾಲ್ಕಕ್ಕೂ ಒಂದೇ ಯೋಚನೆ. ಬಿಂದುವನ್ನು ಬಿಟ್ಟು 6–45, 3–72, 5–5, 7–70 ಅಂತ ಓದಿದೆ ಮಗು. ಪಕ್ಕದ ಚೀಟಿಯಲ್ಲಿ 0.6, 0.3, 0.5, 0.7 ಅಂತ ಇದ್ದರೆ ಅದು ಚಿಕ್ಕ ಚೂರಿನ ಯೋಚನೆ. ಅಲ್ಲಿ ಎರಡು ಸರಿ ಇದೆ, ಆದರೂ ತಿಳಿವಳಿಕೆ ಜಾಸ್ತಿ ಏನಲ್ಲ. ಅಂಕ ಎಣಿಸಬೇಡಿ, ಯೋಚನೆ ಎಣಿಸಿ. ಯಾವ ಯೋಚನೆಯವರು ಎಷ್ಟು ಮಂದಿ ಅನ್ನುವುದನ್ನು "ಪೂರ್ವಜ್ಞಾನ" ಕಾಲಂನಲ್ಲಿ ಬರೆಯಿರಿ. "ಮಕ್ಕಳಿಗೆ ಸ್ಥಾನಬೆಲೆ ತಿಳಿದಿದೆ" ಅಂತ ಊಹೆ ಬರೆಯುವ ಜಾಗ ಅದಲ್ಲ. ಮುಂದಿನ ಎಲ್ಲಾ ಸಮರ್ಥನೆಗೂ ನಿಮ್ಮ ಬುನಾದಿ ಇದೇ ಎಣಿಕೆ.

ಈಗ ಪಾಠದ ಆರಂಭ. ಯೋಜನೆಯಲ್ಲಿ ಹಣದಿಂದ ಶುರು ಮಾಡಬೇಕು ಅಂತ ನಿಮಗೆ ಅನ್ನಿಸಿರಬಹುದು, ಬಹಳ ಮಂದಿ ಹಾಗೇ ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. 2.50 ರೂಪಾಯಿಯನ್ನು ಮಗು "ಎರಡು ರೂಪಾಯಿ, ಐವತ್ತು ಪೈಸೆ" ಅಂತ ಎರಡು ಪೂರ್ಣ ಸಂಖ್ಯೆಯಾಗಿಯೇ ಓದುತ್ತದೆ. ಬಿಂದು ಅಲ್ಲಿ ರೂಪಾಯಿ ಪೈಸೆ ನಡುವಿನ ಬೇಲಿ ಅಷ್ಟೇ. ಹಣದಲ್ಲಿ ಬಿಂದುವಿನ ಮುಂದೆ ಯಾವಾಗಲೂ ಎರಡೇ ಅಂಕಿ ಇರುವುದರಿಂದ ತಪ್ಪು ಹೊರಗೆ ಬರುವುದೇ ಇಲ್ಲ. ಮೇಲಾಗಿ ಇವತ್ತಿನ ಮಕ್ಕಳು ಪೈಸೆಯನ್ನು ಕೈಯಲ್ಲಿ ಹಿಡಿದಿಲ್ಲ.

ನಿಮ್ಮ ಶಾಲೆ ಸಕಲೇಶಪುರದ ಕಡೆ ಇದೆ. ಅಲ್ಲಿ ಕಾಫಿ ತೋಟದಲ್ಲಿ ಮಳೆಯನ್ನು ಇಂಚು–ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಇಂಚಿಗೆ ನೂರು ಸೆಂಟ್. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಸಾಕು, "ನಮ್ಮಲ್ಲಿ ಎಂಬತ್ತು ಸೆಂಟ್", "ನಿಮ್ಮಲ್ಲಿ ಎಷ್ಟಾಯ್ತು?" ಅನ್ನುವ ಮಾತೇ ಮಾತು. ಇಂಚಿನ ಗುರುತಿರುವ ಮಳೆ ಮಾಪಕದ ಅಳತೆ ಗ್ಲಾಸಿನಲ್ಲಿ ಒಂದೊಂದು ಸಣ್ಣ ಗೆರೆಯೂ ಒಂದು ಸೆಂಟ್, ಅಂದರೆ 0.01 ಇಂಚು. ಇದನ್ನು ಆರಂಭಕ್ಕೆ ಇಟ್ಟುಕೊಳ್ಳಿ.

ಆದರೆ "ಸ್ಥಳೀಯ ಉದಾಹರಣೆ ಆದ್ದರಿಂದ" ಅಂತ ಕಾರಣ ಬರೆದರೆ ಮತ್ತೆ ವಾಪಸ್ ಬರುತ್ತದೆ. ಹಣದಂತೆ ಸೆಂಟ್ ಕೂಡ ನೂರರ ಲೆಕ್ಕವೇ, ಅದೇ ಅಪಾಯ ಇಲ್ಲೂ ಇದೆ. ಮಳೆಯನ್ನು ಆರಿಸಲು ಒಂದು ಗಟ್ಟಿ ಕಾರಣ ಇದೆ. ಹಗುರ ಮಳೆ ಬಂದ ದಿನ ಮಾಪಕದಲ್ಲಿ ಐದು ಸೆಂಟ್ ಬೀಳುತ್ತದೆ. ಅದನ್ನು ಪುಸ್ತಕದಲ್ಲಿ ಬರೆಯುವುದು ಹೇಗೆ? 0.5 ಅಂತ ಬರೆದರೆ ಅರ್ಧ ಇಂಚು ಆಗಿಬಿಡುತ್ತದೆ, ಐವತ್ತು ಸೆಂಟ್! ಹತ್ತು ಪಟ್ಟು ವ್ಯತ್ಯಾಸ. ಒಂದು ಸಲ ನಾನು ಪಾಠ ವೀಕ್ಷಣೆಗೆ ಕೂತಿದ್ದಾಗ ಇದೇ ಪ್ರಶ್ನೆ ಬಂತು. ಇಡೀ ತರಗತಿ "ಪಾಯಿಂಟ್ ಐದು" ಅಂತ ಕೂಗಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, "ಮಿಸ್, ಅಷ್ಟು ಮಳೆ ಬಂದ್ರೆ ಗದ್ದೆ ಒದ್ದೆ ಆಗ್ಬೇಕಿತ್ತು. ಐದು ಸೆಂಟಿಗೆ ಧೂಳೂ ಅಡಗಲ್ಲ" ಅಂದಳು. ಅವಳಿಗೆ ಸ್ಥಾನಬೆಲೆಯ ಹೆಸರು ಗೊತ್ತಿರಲಿಲ್ಲ. ಉತ್ತರ ತಪ್ಪು ಅನ್ನುವುದು ಮಾತ್ರ ಮಳೆಯಿಂದಲೇ ಗೊತ್ತಿತ್ತು. ಬರೆದ ಸಂಖ್ಯೆಯನ್ನು ಮಗು ತನ್ನ ಅನುಭವದಿಂದಲೇ ಅಲ್ಲಗಳೆಯಲು ಸಾಧ್ಯವಾಗಬೇಕು, ಆ ಕಾರಣಕ್ಕೆ ಮಳೆ. ಸಮರ್ಥನೆಯಲ್ಲಿ ಇದನ್ನೇ ಬರೆಯಿರಿ.

ಇಲ್ಲೊಂದು ಮಿತಿಯೂ ಇದೆ, ಅದನ್ನೂ ಮುಚ್ಚಿಡಬೇಡಿ. ಸೆಂಟ್ ಲೆಕ್ಕ ಎಲ್ಲಾ ಮಕ್ಕಳಿಗೂ ಗೊತ್ತಿರುವುದಿಲ್ಲ. ಮಾಪಕ ನೋಡಿ ಬರೆದಿಡುವುದು ಹೆಚ್ಚಿನ ತೋಟಗಳಲ್ಲಿ ಲೆಕ್ಕ ಬರೆಯುವ ರೈಟರ ಕೆಲಸ. ತೋಟದ ಕಾರ್ಮಿಕರ ಲೈನ್ ಮನೆಯ ಮಕ್ಕಳು ಮಾತು ಕೇಳಿರಬಹುದು, ಗ್ಲಾಸು ನೋಡಿರುವುದಿಲ್ಲ. ಪೇಟೆಯ ಮಕ್ಕಳು ಎರಡನ್ನೂ ಕೇಳಿರುವುದಿಲ್ಲ. ಹಾಗಾಗಿ ಹಿಂದಿನ ದಿನದ ಚೀಟಿಯ ಕೆಳಗೆ "ಮಳೆಯನ್ನು ಸೆಂಟ್‌ನಲ್ಲಿ ಹೇಳುವುದು ಕೇಳಿದ್ದೀಯಾ?" ಅಂತ ಒಂದು ಸಾಲು ಸೇರಿಸಿ. ಅರ್ಧಕ್ಕಿಂತ ಕಡಿಮೆ ಮಕ್ಕಳು ಕೇಳಿದ್ದರೆ ಗೊತ್ತಿರುವ ಇಬ್ಬರಿಂದ ಎರಡು ನಿಮಿಷ ಹೇಳಿಸಿ. ಮಳೆಯ ಮಾತು ಒಟ್ಟು ಆರು ನಿಮಿಷ ದಾಟಬಾರದು. ಅದು ಬಾಗಿಲು, ಮನೆಯಲ್ಲ.

ಮನೆ ಅಂದರೆ ನೂರು ಚೌಕದ ಹಾಳೆ. ಗ್ರಾಫ್ ಹಾಳೆಯಲ್ಲಿ ಹತ್ತಕ್ಕೆ ಹತ್ತರ ಚೌಕ ಕತ್ತರಿಸಿ. ಇಡೀ ಹಾಳೆ 1, ಅಂದರೆ ಒಂದು ಇಂಚು ಮಳೆ. ಒಂದು ಕಂಬಸಾಲು ಹತ್ತನೇ ಒಂದು ಭಾಗ. ಒಂದು ಪುಟ್ಟ ಚೌಕ ನೂರನೇ ಒಂದು ಭಾಗ, ಒಂದು ಸೆಂಟ್. 0.6ಕ್ಕೆ ಆರು ಕಂಬಸಾಲು ಬಣ್ಣ ಹಚ್ಚುತ್ತಾರೆ. 0.45ಕ್ಕೆ ನಾಲ್ಕು ಕಂಬಸಾಲು ಮತ್ತು ಐದು ಪುಟ್ಟ ಚೌಕ. ಎರಡು ಹಾಳೆ ಪಕ್ಕ ಪಕ್ಕ ಇಟ್ಟರೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕ ಚೂರಿನ ಯೋಚನೆಯ ಮಗುವಿಗೂ ಇದೇ ಹಾಳೆ ಸಾಕು, ಪ್ರಶ್ನೆ ಮಾತ್ರ ಬೇರೆ: "0.3ರಲ್ಲಿ ಎಷ್ಟು ಪುಟ್ಟ ಚೌಕ ಇದೆ, ಎಣಿಸು." ಮೂವತ್ತು ಮತ್ತು ಎಪ್ಪತ್ತೆರಡು ಅಂತ ಅದೇ ಕಂಡುಕೊಳ್ಳುತ್ತದೆ. ಒಂದೇ ಉಪಕರಣ ಎರಡೂ ತಪ್ಪಿಗೆ ಮದ್ದಾಗುತ್ತದೆ ಅನ್ನುವುದು ಇದನ್ನು ಆರಿಸಲು ಮುಖ್ಯ ಕಾರಣ.

ಇಲ್ಲಿ ಕೈಬಿಟ್ಟ ದಾರಿಯನ್ನೂ ಬರೆಯಬೇಕು. "ಬಾಲದಲ್ಲಿ ಸೊನ್ನೆ ಸೇರಿಸಿ ಅಂಕಿಗಳನ್ನು ಸಮ ಮಾಡಿ, ಆಮೇಲೆ ಹೋಲಿಸಿ" ಅನ್ನುವ ನಿಯಮ ಎಲ್ಲರಿಗೂ ಗೊತ್ತು. 0.6 ಅನ್ನು 0.60 ಮಾಡಿದರೆ 60, 45, ಮುಗೀತು. ನಾನು ಪ್ರಶಿಕ್ಷಣಾರ್ಥಿಯಾಗಿದ್ದಾಗ ಇದನ್ನೇ ಹೇಳಿಕೊಟ್ಟೆ. ಅವತ್ತು ಎಲ್ಲರೂ ಸರಿ ಮಾಡಿದರು, ವೀಕ್ಷಕರೂ ಮೆಚ್ಚಿದರು. ಹತ್ತು ದಿನ ಬಿಟ್ಟು ಅದೇ ತರಗತಿಗೆ ಹೋಗಿ ಕೇಳಿದರೆ ಸೊನ್ನೆಯನ್ನು ಎಲ್ಲಿ ಸೇರಿಸಬೇಕು ಅನ್ನುವುದೇ ಮರೆತುಹೋಗಿತ್ತು. ಕೆಲವರು 0.6 ಅನ್ನು 0.06 ಮಾಡಿದ್ದರು. ಆ ನಿಯಮ ಸರಿ. ಆದರೆ ಅದು ದಶಮಾಂಶವನ್ನು ಪೂರ್ಣ ಸಂಖ್ಯೆಯಾಗಿ ಮಾಡಿ ತೋರಿಸುತ್ತದೆ, ಮಗುವಿನ ಹಳೆಯ ಯೋಚನೆ ಹಾಗೇ ಇರುತ್ತದೆ. ಆರು ಕಂಬಸಾಲು ಮತ್ತು ಅರವತ್ತು ಚೌಕ ಒಂದೇ ಅಂತ ಕಣ್ಣಾರೆ ಕಂಡ ಮೇಲೆ ಆ ನಿಯಮ ಹೇಳಿದರೆ ಅದಕ್ಕೊಂದು ಅರ್ಥ ಇರುತ್ತದೆ. ಹಾಗಾಗಿ ಈ ಪಾಠದಲ್ಲಿ ಅನುಗಮನ ವಿಧಾನ, ನಿಯಮ ಮುಂದಿನ ಪಾಠಕ್ಕೆ.

ಹಾಳೆಯ ಕೆಲಸದಲ್ಲಿ ನೀವು ಗಮನಿಸಬೇಕಾದ ಗುರುತು ಒಂದೇ. 0.6ಕ್ಕೆ ಆರು ಪುಟ್ಟ ಚೌಕಕ್ಕೆ ಬಣ್ಣ ಹಚ್ಚಿದ ಮಗು ಎಲ್ಲಿದೆ? ಆ ಮಗುವಿಗೆ ಇಡೀ ಹಾಳೆ 1 ಅನ್ನುವುದೇ ಹೋಗಿಲ್ಲ. "ಇಡೀ ಹಾಳೆ ಎಷ್ಟು ಮಳೆ? ಅದರ ಅರ್ಧ ತೋರಿಸು" ಅಂತ ಕೇಳಿ. ಅರ್ಧ ತೋರಿಸಿದ ಮೇಲೆ ತಾನೇ ತಿದ್ದಿಕೊಳ್ಳುತ್ತದೆ. ಎಲ್ಲಾ ಹಾಳೆಗಳೂ ಒಂದೇ ಅಳತೆಯವು ಆಗಿರಲಿ. ಒಂದು ದೊಡ್ಡದು ಒಂದು ಚಿಕ್ಕದು ಕತ್ತರಿಸಿಕೊಂಡು ಹೋದರೆ ಹೋಲಿಕೆಯೇ ಕೆಟ್ಟುಹೋಗುತ್ತದೆ.

ಮಕ್ಕಳನ್ನು ಕೂರಿಸುವ ವಿಷಯ. ಆರು ಮಂದಿಯ ಗುಂಪು ಮಾಡಿದರೆ ಇಬ್ಬರು ಬಣ್ಣ ಹಚ್ಚುತ್ತಾರೆ, ನಾಲ್ವರು ನೋಡುತ್ತಾರೆ. ಬೆಂಚು ತಿರುಗಿಸಲೇ ನಾಲ್ಕೈದು ನಿಮಿಷ ಹೋಗುತ್ತದೆ. ಜೋಡಿಗೆ ಬೆಂಚು ಸರಿಸಬೇಕಾಗಿಲ್ಲ. ಒಬ್ಬರು 0.6, ಇನ್ನೊಬ್ಬರು 0.45 ಹಚ್ಚಿದರೆ ಹೋಲಿಸಲು ಇಬ್ಬರೂ ಬೇಕೇ ಬೇಕು. 24 ಮಕ್ಕಳು, 12 ಜೋಡಿ. ಸಾಧ್ಯವಾದರೆ ಹಿಂದಿನ ದಿನದ ಚೀಟಿ ನೋಡಿ, ಬೇರೆ ಬೇರೆ ಯೋಚನೆಯ ಇಬ್ಬರನ್ನು ಒಟ್ಟಿಗೆ ಕೂರಿಸಿ. ಆಗ ಅವರಲ್ಲೇ ವಾದ ಹುಟ್ಟುತ್ತದೆ.

ಒಂದು ಕಡೆ ಮಾತ್ರ ಚಟುವಟಿಕೆ ಬೇಡ, ನೇರವಾಗಿ ಹೇಳಿ. ಬಿಂದುವಿನ ಪಕ್ಕದ ಮನೆಗೆ ದಶಾಂಶ ಸ್ಥಾನ, ಅದರ ಆಚೆಯದಕ್ಕೆ ಶತಾಂಶ ಸ್ಥಾನ ಅನ್ನುವುದನ್ನು ಮಗು ಎಷ್ಟು ಬಣ್ಣ ಹಚ್ಚಿದರೂ ಕಂಡುಹಿಡಿಯಲು ಆಗುವುದಿಲ್ಲ. ಅದು ಜನ ಮಾಡಿಕೊಂಡ ಒಪ್ಪಂದ. ಏಳು ನಿಮಿಷ ಬೋರ್ಡಿನ ಮೇಲೆ ಪಟ್ಟಿ ಬರೆದು ಹೇಳಿ. "ಇಲ್ಲಿ ವಿವರಣಾ ವಿಧಾನ ಬಳಸಿದ್ದೇನೆ, ಯಾಕೆಂದರೆ ಇದು ಕಂಡುಕೊಳ್ಳುವ ವಿಷಯವಲ್ಲ, ತಿಳಿದುಕೊಳ್ಳುವ ವಿಷಯ" ಅಂತ ಬರೆಯಿರಿ. ರಚನಾವಾದದ ಪಾಠ ಅಂದಮೇಲೆ ಶಿಕ್ಷಕರು ಬಾಯಿ ಬಿಡಬಾರದು ಅಂತ ಪ್ರಶಿಕ್ಷಣಾರ್ಥಿಗಳು ಹೆದರುತ್ತಾರೆ. ಹೆದರಬೇಕಾಗಿಲ್ಲ. ಎಲ್ಲಿ ಹೇಳಬೇಕು, ಎಲ್ಲಿ ಬಿಡಬೇಕು ಅಂತ ವಿಂಗಡಿಸಿ ಕಾರಣ ಕೊಟ್ಟರೆ ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಆಮೇಲೆ ಆರು ನಿಮಿಷ ಸಂಖ್ಯಾರೇಖೆ. ಬೋರ್ಡಿನ ಉದ್ದಕ್ಕೆ ಒಂದು ದಾರ, ಆ ತುದಿ 0, ಈ ತುದಿ 1. ಮಕ್ಕಳು ಬಂದು ಸಂಖ್ಯೆಯ ಚೀಟಿ ಸಿಕ್ಕಿಸುತ್ತಾರೆ. ನೂರು ಚೌಕದ ಹಾಳೆ ಇದ್ದರೂ ಇದು ಯಾಕೆ ಬೇಕು? ಹಾಳೆ 1ಕ್ಕಿಂತ ದೊಡ್ಡ ಸಂಖ್ಯೆಗೆ ತೊಡಕಾಗುತ್ತದೆ, ಮೂರು ಅಂಕಿಯ 0.375 ಬಂದರೆ ಚೌಕವನ್ನೇ ಸೀಳಬೇಕಾಗುತ್ತದೆ. ರೇಖೆಗೆ ಆ ಕಟ್ಟು ಇಲ್ಲ. ಮುಂದಿನ ಪಾಠಕ್ಕೆ ದಾರಿಯಾಗಲಿ ಅಂತ ಇವತ್ತೇ ಪರಿಚಯ.

ಕೊನೆಗೆ ಮೌಲ್ಯಮಾಪನ. "ಗೊತ್ತಾಯ್ತಾ?" ಅಂದರೆ "ಗೊತ್ತಾಯ್ತು ಮಿಸ್" ಅಂತ ರಾಗವಾಗಿ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಐದು ನಿಮಿಷದ ಚೀಟಿ ಕೊಡಿ. ಹೊಸ ಜೋಡಿಗಳು: 0.8 ಮತ್ತು 0.35, 0.2 ಮತ್ತು 0.64, 0.9 ಮತ್ತು 0.09. ಒಂದಕ್ಕಾದರೂ "ಯಾಕೆ" ಅಂತ ಒಂದು ಸಾಲು ಬರೆಸಿ. ಹಳೆಯ ಸಂಖ್ಯೆಗಳನ್ನೇ ಕೊಟ್ಟರೆ ನೆನಪು ಪರೀಕ್ಷೆ ಆಗುತ್ತದೆ, ಅದಕ್ಕೇ ಹೊಸವು. ಮೊದಲೆರಡು ಜೋಡಿ ಹಿಂದಿನ ದಿನದ ಎರಡು ತಪ್ಪುಗಳನ್ನೇ ಮತ್ತೆ ಹುಡುಕುತ್ತವೆ, ಅದಕ್ಕೇ ಈ ರೀತಿಯವು. ಮಳೆ ಆರು, ಹಾಳೆ ಹದಿನಾಲ್ಕು, ವಿವರಣೆ ಏಳು, ರೇಖೆ ಆರು, ಚೀಟಿ ಐದು. 38 ನಿಮಿಷ ಆಯಿತು. 40 ನಿಮಿಷದ ಅವಧಿಯಲ್ಲಿ ಉಳಿದ ಎರಡು ನಿಮಿಷ ಹಾಳೆ ಹಂಚಲು, ವಾಪಸ್ ಪಡೆಯಲು. ಹಾಳೆ ಕೆಲಸ ಎಳೆದರೆ ರೇಖೆಯನ್ನು ಬಿಡಿ, ಚೀಟಿಯನ್ನು ಬಿಡಬೇಡಿ. ಇದನ್ನೂ ಮೊದಲೇ ಬರೆದಿಡಿ.

ಇಷ್ಟನ್ನು ಹಾಳೆಯ ಮೇಲೆ ಇಳಿಸಿದರೆ ಹೇಗಿರುತ್ತದೆ ಅಂತ ಒಂದು ಆಯ್ಕೆಗೆ ಬರೆದು ತೋರಿಸುತ್ತೇನೆ. ಸಂಖ್ಯೆಗಳನ್ನು ಉದಾಹರಣೆಗೆ ಹಾಕಿದ್ದೇನೆ, ನೀವು ನಿಮ್ಮ ತರಗತಿಯ ಎಣಿಕೆ ಹಾಕಿ:

"ಹಿಂದಿನ ದಿನದ ಚೀಟಿಯಲ್ಲಿ 24 ಮಕ್ಕಳಲ್ಲಿ 13 ಮಂದಿ ಬಿಂದು ಬಿಟ್ಟು ಪೂರ್ಣ ಸಂಖ್ಯೆಯಾಗಿ ಓದಿದ್ದರು, 4 ಮಂದಿ ಅಂಕಿ ಕಡಿಮೆ ಇರುವುದೇ ದೊಡ್ಡದು ಅಂದಿದ್ದರು. ಈ ಎರಡೂ ಗುಂಪಿಗೆ ಹತ್ತನೇ ಭಾಗ ಮತ್ತು ನೂರನೇ ಭಾಗ ಒಂದೇ ಪೂರ್ಣದ ಚೂರುಗಳು ಅಂತ ಕಾಣಬೇಕು. ಆದ್ದರಿಂದ ನೂರು ಚೌಕದ ಹಾಳೆ ಆರಿಸಿದ್ದೇನೆ. ಸೊನ್ನೆ ಸೇರಿಸುವ ನಿಯಮದಿಂದ ಶುರು ಮಾಡಿಲ್ಲ, ಯಾಕೆಂದರೆ ಅದು 13 ಮಂದಿಯ ತಪ್ಪು ಯೋಚನೆಯನ್ನು ಹಾಗೇ ಬಿಟ್ಟು ಉತ್ತರ ಮಾತ್ರ ಸರಿ ಮಾಡುತ್ತದೆ. 0.6ಕ್ಕೆ ಆರು ಪುಟ್ಟ ಚೌಕ ಹಚ್ಚುವ ಮಕ್ಕಳು ನಾಲ್ಕಕ್ಕಿಂತ ಹೆಚ್ಚಿದ್ದರೆ ಕೆಲಸ ನಿಲ್ಲಿಸಿ ಅರ್ಧ ಇಂಚು ತೋರಿಸುವುದರಿಂದ ಮತ್ತೆ ಶುರು ಮಾಡುತ್ತೇನೆ."

ನೋಡಿ, "ಆಸಕ್ತಿ" ಅನ್ನುವ ಪದ ಎಲ್ಲೂ ಬಂದಿಲ್ಲ. ಐದು ಆಯ್ಕೆಗೆ ಹೀಗೆ ಐದು ಪ್ಯಾರಾ ಬರೆದರೆ ಸಾಕು. ನಿಮ್ಮ ಕಾಲೇಜು 5 ಇ ಮಾದರಿಯ ನಮೂನೆ ಕೊಟ್ಟಿದ್ದರೆ ಮಳೆಯನ್ನು ಮೊದಲ ಹಂತಕ್ಕೆ, ಹಾಳೆಯನ್ನು ಎರಡನೆಯದಕ್ಕೆ, ಸ್ಥಾನದ ಹೆಸರುಗಳನ್ನು ಮೂರನೆಯದಕ್ಕೆ, ದಾರವನ್ನು ನಾಲ್ಕನೆಯದಕ್ಕೆ, ಚೀಟಿಯನ್ನು ಐದನೆಯದಕ್ಕೆ ಹಾಕಿಕೊಳ್ಳಿ. ಪಾಠ ಮುಗಿದ ದಿನ ಸಂಜೆಯೇ ಎರಡು ದಿನದ ಚೀಟಿಗಳನ್ನು ಜೋಡಿಸಿಟ್ಟು ನೋಡಿ. ಯೋಚನೆ ಬದಲಾದವರು ಎಷ್ಟು, ಹಾಗೇ ಉಳಿದವರು ಯಾರು ಅಂತ ಸಮರ್ಥನೆಯ ಕೆಳಗೆ ಪೆನ್ನಿನಲ್ಲೇ ಬರೆದು ಸಲ್ಲಿಸಿ. ಹಾಗೇ ಉಳಿದವರ ಚೀಟಿಯ ಪ್ರತಿಯನ್ನೂ ಲಗತ್ತಿಸಿ.